ಆರುವ ಕಾಫಿಗೆ ಎರಡು ತಾಳೆ

85 ಡಿಗ್ರಿ ಬಿಸಿಯ ಕಾಫಿ 25 ಡಿಗ್ರಿಯ ಕೋಣೆಯಲ್ಲಿ ಆರುತ್ತಿದೆ. ನ್ಯೂಟನ್ನನ ನಿಯಮದಂತೆ ಅದರ ಅವಕಲನ ಸಮೀಕರಣ T′ = −0.1(T − 25) ಎಂದಿರಲಿ, t ನಿಮಿಷಗಳಲ್ಲಿದೆ. ಒಬ್ಬ ವಿದ್ಯಾರ್ಥಿ T = 25 + 85e^(−0.1t) ಎಂದು ಉತ್ತರ ಬರೆದ. ಸರಿಯೇ?

ಸಮೀಕರಣಕ್ಕೇ ಹಾಕಿ ನೋಡೋಣ. ಉತ್ತರವನ್ನು ಅವಕಲಿಸಿದರೆ ಎಡಗಡೆ −8.5e^(−0.1t). ಬಲಗಡೆ T − 25 ಎಂದರೆ 85e^(−0.1t), ಅದನ್ನು −0.1ರಿಂದ ಗುಣಿಸಿದರೂ ಅಷ್ಟೇ. ತಾಳೆಯಾಯಿತು.

ಆದರೆ t = 0 ಹಾಕಿದರೆ ಬರುವುದು 110 ಡಿಗ್ರಿ! ಲೋಟದಲ್ಲಿದ್ದುದು 85. ತಪ್ಪಿರುವುದು ಸ್ಥಿರಾಂಕ ಮಾತ್ರ. ಅಲ್ಲಿ 60 ಇರಬೇಕು.

ಇನ್ನೊಬ್ಬಳ ಉತ್ತರ 85e^(−0.1t). ಆರಂಭದಲ್ಲಿ 85 ಸರಿಯಾಗಿಯೇ ಬರುತ್ತದೆ. ಸಮೀಕರಣಕ್ಕೆ ಹಾಕಿದರೆ ಮಾತ್ರ ಬಲಗಡೆ 2.5 ಹೆಚ್ಚಾಗಿ ಉಳಿಯುತ್ತದೆ. ಕೋಣೆಯ ಬಿಸಿಯನ್ನೇ ಆಕೆ ಮರೆತಿದ್ದಳು. ಒಂದು ಪರೀಕ್ಷೆ ಬಿಟ್ಟ ತಪ್ಪನ್ನು ಇನ್ನೊಂದು ಹಿಡಿಯಿತು.