ಐವತ್ತು ಸಾವಿರ ಕಟ್ಟಿದರೂ ಅಸಲು ಅಷ್ಟು ಇಳಿಯಲಿಲ್ಲ

ಚಿನ್ನದ ಸಾಲ ತೀರಿಸಲು ಹೋದವರು ಕೌಂಟರಿನ ಮುಂದೆ ನಿಂತು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ‘ನಡುವೆ ದುಡ್ಡು ಕಟ್ಟಿದ್ದೆನಲ್ಲ, ಮತ್ತೆ ಇಷ್ಟು ಬಡ್ಡಿ ಎಲ್ಲಿಂದ ಬಂತು?’ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಲೆಕ್ಕಕ್ಕೂ ಕೈಗೆ ಬಂದ ಸ್ಟೇಟ್‌ಮೆಂಟಿಗೂ ಎರಡು ಮೂರು ಸಾವಿರ, ಕೆಲವೊಮ್ಮೆ ಹತ್ತು ಸಾವಿರಕ್ಕೂ ಮಿಕ್ಕಿ ವ್ಯತ್ಯಾಸ. ಮೋಸವಾಗಿದೆ ಎಂಬ ಅನುಮಾನ ಹುಟ್ಟುವುದು ಸಹಜ. ಮೋಸವೋ ಲೆಕ್ಕದ ರೀತಿಯೋ ಎಂಬುದನ್ನು ಸಾಲಗಾರರೇ ಕಂಡುಹಿಡಿಯಬಹುದು. ಅದಕ್ಕೆ ಕೂಡಿಸು, ಗುಣಿಸು ಗೊತ್ತಿದ್ದರೆ ಸಾಕು.

ಒಂದು ಕುಟುಂಬದ ಉದಾಹರಣೆ ಇಟ್ಟುಕೊಳ್ಳೋಣ. ಮಗಳ ಕಾಲೇಜು ಫೀಸಿಗೆಂದು ತಾಯಿ ಏಪ್ರಿಲ್ 1ರಂದು ಸರ, ಬಳೆ ಅಡವಿಟ್ಟು ಎರಡು ಲಕ್ಷ ರೂಪಾಯಿ ಸಾಲ ತೆಗೆದರು. ಬಡ್ಡಿ ವರ್ಷಕ್ಕೆ ಶೇ. 18, ಅಂದರೆ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ. ಅವಧಿ ಒಂದು ವರ್ಷ. ತಿಂಗಳು ತಿಂಗಳು ಕಂತು ಕಟ್ಟುವ ಕರಾರಿಲ್ಲ, ಅಸಲು ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟಿದರಾಯಿತು. ಚೀಟಿ ಎತ್ತಿದ ಹಣ ಕೈಗೆ ಬಂದದ್ದರಿಂದ ಜುಲೈ 31ರಂದು ಅವರು ಐವತ್ತು ಸಾವಿರ ಕಟ್ಟಿ ಬಂದರು.

ಅವರ ಮನಸ್ಸಿನ ಲೆಕ್ಕ ಹೀಗಿತ್ತು. ಮೊದಲ ನಾಲ್ಕು ತಿಂಗಳು ಎರಡು ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರದಂತೆ ₹12,000. ಆಮೇಲೆ ಅಸಲು ಒಂದೂವರೆ ಲಕ್ಷಕ್ಕೆ ಇಳಿಯಿತು, ಉಳಿದ ಎಂಟು ತಿಂಗಳಿಗೆ ₹2,250ರಂತೆ ₹18,000. ಒಟ್ಟು ಬಡ್ಡಿ ₹30,000. ಮಾರ್ಚ್ ಕೊನೆಯಲ್ಲಿ ₹1,80,000 ಕೊಟ್ಟರೆ ಒಡವೆ ಮನೆಗೆ. ಆದರೆ ಸಂಸ್ಥೆ ಕೇಳಿದ್ದು ₹1,82,799.

ಈ ₹2,799 ಎರಡು ಬೇರೆ ಬೇರೆ ಜಾಗಗಳಿಂದ ಬಂದಿದೆ.

ಮೊದಲನೆಯದು ಐವತ್ತು ಸಾವಿರ ಹೋಗಿ ಕೂತ ಜಾಗ. ಸಾಲಗಾರರು ಕಟ್ಟಿದ ಹಣವನ್ನು ಮೊದಲು ಶುಲ್ಕವಿದ್ದರೆ ಅದಕ್ಕೆ, ನಂತರ ಅಲ್ಲಿಯವರೆಗಿನ ಬಡ್ಡಿಗೆ, ಮಿಕ್ಕಿದ್ದನ್ನು ಅಸಲಿಗೆ ಹಾಕಿಕೊಳ್ಳುವುದು ಸಾಲ ಕೊಡುವವರ ಸಾಮಾನ್ಯ ಪದ್ಧತಿ, ಕರಾರುಪತ್ರದಲ್ಲೂ ಬಹುಪಾಲು ಹಾಗೆಯೇ ಇರುತ್ತದೆ. ನಾಲ್ಕು ತಿಂಗಳಿಂದ ಆ ತಾಯಿ ಬಡ್ಡಿ ಕಟ್ಟಿರಲಿಲ್ಲ. ಹಾಗಾಗಿ ಸರಳ ಬಡ್ಡಿಯ ಲೆಕ್ಕದಲ್ಲೇ ನೋಡಿದರೂ ಐವತ್ತು ಸಾವಿರದಲ್ಲಿ ಹನ್ನೆರಡು ಸಾವಿರ ಬಡ್ಡಿಗೆ ಹೋಗಿ, ಅಸಲಿಗೆ ಸಂದದ್ದು ಮೂವತ್ತೆಂಟು ಸಾವಿರ ಮಾತ್ರ. ಅಸಲು ಉಳಿದದ್ದು ₹1,62,000. ಅವರು ಇಳಿಯಿತೆಂದುಕೊಂಡ ಆ ಹನ್ನೆರಡು ಸಾವಿರದ ಮೇಲೆ ಇನ್ನೂ ಎಂಟು ತಿಂಗಳು ಬಡ್ಡಿ ಓಡಿತು. ಅದೇ ₹1,440. ಇದನ್ನು ಅನ್ಯಾಯ ಎನ್ನಲಾಗದು. ಬಾಕಿ ಇದ್ದ ಬಡ್ಡಿಯನ್ನು ಅವರು ತಮ್ಮ ಲೆಕ್ಕದಲ್ಲಿ ವರ್ಷದ ಕೊನೆಯವರೆಗೆ ಬಡ್ಡಿಯಿಲ್ಲದೆ ಮುಂದಕ್ಕೆ ಹಾಕಿದ್ದರು, ಸಂಸ್ಥೆ ಹಾಕಲಿಲ್ಲ.

ಎರಡನೆಯದು ಚಕ್ರಬಡ್ಡಿ. ಈ ಸಾಲದಲ್ಲಿ ಪ್ರತಿ ತಿಂಗಳ ಕೊನೆಗೆ ಆ ತಿಂಗಳ ಬಡ್ಡಿಯನ್ನು ಅಸಲಿಗೆ ಸೇರಿಸುವ ಷರತ್ತು ಇತ್ತು. ಏಪ್ರಿಲ್ ಕೊನೆಗೆ ಬಾಕಿ ₹2,03,000. ಮೇ ತಿಂಗಳ ಬಡ್ಡಿ ಎರಡು ಲಕ್ಷದ ಮೇಲಲ್ಲ, ಈ ಮೊತ್ತದ ಮೇಲೆ, ಆದ್ದರಿಂದ ₹2,06,045. ಜೂನ್ ಕೊನೆಗೆ ₹2,09,136, ಜುಲೈ ಕೊನೆಗೆ ₹2,12,273. ಐವತ್ತು ಸಾವಿರ ಕಳೆದಾಗ ಉಳಿದದ್ದು ₹1,62,273. ಆಮೇಲೂ ಎಂಟು ತಿಂಗಳು ಬಡ್ಡಿ ಕಟ್ಟಲಿಲ್ಲವಾದ್ದರಿಂದ ಅದು ಹಾಗೆಯೇ ಬೆಳೆದು ₹1,82,799 ಆಯಿತು. ಬಡ್ಡಿಯ ಮೇಲಿನ ಬಡ್ಡಿಯೊಂದರಿಂದಲೇ ಕೂಡಿದ್ದು ₹1,359.

ಚಕ್ರಬಡ್ಡಿ ಕಾನೂನುಬಾಹಿರ ಎಂಬ ನಂಬಿಕೆ ಹಲವರಲ್ಲಿದೆ. ಕರಾರಿನಲ್ಲಿ ಇದ್ದರೆ ಅಥವಾ ಬ್ಯಾಂಕಿನ ಸ್ಥಾಪಿತ ಪದ್ಧತಿಯಾಗಿದ್ದರೆ ಬಡ್ಡಿಯನ್ನು ಅಸಲಿಗೆ ಸೇರಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2001ರಲ್ಲೇ ಹೇಳಿದೆ. ಆದರೆ ಬೆಳೆ ಬಂದಾಗಷ್ಟೇ ಹಣ ಕಾಣುವ ರೈತರ ಕೃಷಿ ಸಾಲಕ್ಕೆ ಬ್ಯಾಂಕು ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಹೀಗೆ ಬಡ್ಡಿ ಸೇರಿಸುವಂತಿಲ್ಲ ಎಂಬುದೂ ಅದೇ ನ್ಯಾಯಾಲಯದ ನಿಲುವು. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಕಕ್ಷಿಯಾಗಿದ್ದ 1994ರ ಪ್ರಕರಣದಲ್ಲಿ ಅದು ಸ್ಪಷ್ಟವಾಯಿತು. ಆದ್ದರಿಂದ ಪಹಣಿ ಕೊಟ್ಟು ಬ್ಯಾಂಕಿನಲ್ಲಿ ಕೃಷಿ ಚಿನ್ನದ ಸಾಲ ತೆಗೆದವರು ತಮ್ಮ ಖಾತೆಗೆ ಎಷ್ಟು ದಿನಕ್ಕೊಮ್ಮೆ ಬಡ್ಡಿ ಏರಿದೆ ಎಂದು ನೋಡಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಹತ್ತು ಸಾವಿರದ ವ್ಯತ್ಯಾಸಕ್ಕೆ ಚಕ್ರಬಡ್ಡಿಯನ್ನು ದೂರುವುದು ತಪ್ಪು ಗುರಿ. ಅಷ್ಟು ದೊಡ್ಡ ಮೊತ್ತದ ಹಿಂದೆ ಸಾಮಾನ್ಯವಾಗಿ ಇರುವುದು ಬಡ್ಡಿ ದರದ ಮೆಟ್ಟಿಲು. ಕೆಲವು ಯೋಜನೆಗಳಲ್ಲಿ ಬೋರ್ಡಿನ ಮೇಲೆ ಕಾಣುವ ಶೇ. 12, ಪ್ರತಿ ತಿಂಗಳೂ ಬಡ್ಡಿ ಕಟ್ಟುವವರಿಗೆ ಕೊಡುವ ರಿಯಾಯಿತಿ ದರ. ತಪ್ಪಿದರೆ ದರ ಏರುತ್ತದೆ, ಅದೂ ಕೆಲವೆಡೆ ಸಾಲ ಕೊಟ್ಟ ಮೊದಲ ದಿನದಿಂದಲೇ ಅನ್ವಯ. ನಮ್ಮ ತಾಯಿ ನೂರಕ್ಕೆ ಒಂದು ರೂಪಾಯಿ ಎಂದುಕೊಂಡು ಲೆಕ್ಕ ಹಾಕಿದ್ದರೆ ಅವರ ಒಟ್ಟು ಬಡ್ಡಿ ಇಪ್ಪತ್ತು ಸಾವಿರ ಆಗುತ್ತಿತ್ತು. ಸ್ಟೇಟ್‌ಮೆಂಟಿನಲ್ಲಿ ಕಂಡದ್ದು ₹32,799. ಹೆಚ್ಚಾದ ₹12,799ರಲ್ಲಿ ಹತ್ತು ಸಾವಿರ ದರ ಏರಿದ್ದಕ್ಕೆ, ಮಿಕ್ಕಿದ್ದು ಮಾತ್ರ ಮೇಲೆ ಹೇಳಿದ ಎರಡು ಕಾರಣಕ್ಕೆ. ಬಡ್ಡಿ ಬಾಕಿ ಬಿಟ್ಟು ನಡುವೆ ದೊಡ್ಡ ಮೊತ್ತ ಕಟ್ಟಿದ ಮಾತ್ರಕ್ಕೆ ಕಳೆದುಹೋದ ರಿಯಾಯಿತಿ ಮರಳಿ ಬರುವುದಿಲ್ಲ. ಜನ ಎಡವುವುದು ಇಲ್ಲೇ.

ಪರೀಕ್ಷಿಸುವ ದಾರಿ ಸರಳ. ಕೊನೆಯ ಮೊತ್ತ ಮಾತ್ರ ಬರೆದ ಚೀಟಿ ಸಾಲದು, ಸಾಲ ತೆಗೆದ ದಿನದಿಂದ ಪೂರ್ತಿ ಸ್ಟೇಟ್‌ಮೆಂಟ್ ಕೇಳಬೇಕು. ಅದರಲ್ಲಿ ತಿಂಗಳ ಕೊನೆಗೆ ಬಡ್ಡಿ ಖರ್ಚಿನ ಕಡೆ ಬಿದ್ದು ಬಾಕಿ ಏರುತ್ತಾ ಹೋಗಿದ್ದರೆ ಅದು ಚಕ್ರಬಡ್ಡಿ. ನಡುವೆ ಕಟ್ಟಿದ ಹಣದ ಸಾಲಿನಲ್ಲಿ ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು ಎಂದು ಬೇರೆ ಮಾಡಿ ತೋರಿಸಿದ್ದಾರೆಯೇ, ಜಮೆಯ ದಿನಾಂಕವೂ ರಸೀದಿಯ ದಿನಾಂಕವೂ ಒಂದೇ ಆಗಿದೆಯೇ ನೋಡಬೇಕು. ಒಂದೇ ಹೆಸರಿನಲ್ಲಿ ಎರಡು ಅಡವು ಇದ್ದರೆ ಹಣ ಇನ್ನೊಂದು ಸಾಲದ ನಂಬರಿಗೆ ಹೋಗಿರಲೂಬಹುದು. ನಡುವೆ ಸಾಲ ನವೀಕರಣ ಆಗಿದ್ದರೆ ಹಳೆಯ ಬಡ್ಡಿಯನ್ನೂ ಸೇರಿಸಿ ಹೊಸ ನಂಬರಿನಲ್ಲಿ ಹೊಸ ಅಸಲು ಬರೆದಿರಲೂಬಹುದು.

ದಂಡದ ಸಾಲನ್ನು ಬೇರೆಯಾಗಿ ಹುಡುಕಬೇಕು. ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸಬಾರದು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿತು. 2024ರಿಂದ ಅದು ಜಾರಿಯಲ್ಲಿದೆ. ಹಾಗೆಯೇ 2024ರ ಅಕ್ಟೋಬರ್ 1ರ ನಂತರ ತೆಗೆದ ವೈಯಕ್ತಿಕ ಸಾಲಗಳಿಗೆ, ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ತೋರಿಸುವ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಸಾಲಗಾರರಿಗೆ ಕೊಡಬೇಕು. ಸ್ಟೇಟ್‌ಮೆಂಟನ್ನು ಹೋಲಿಸಬೇಕಾದದ್ದು ಗೋಡೆಯ ಬೋರ್ಡಿನೊಂದಿಗಲ್ಲ, ಈ ಹಾಳೆಯೊಂದಿಗೆ.

ಲೆಕ್ಕ ಹೊಂದದಿದ್ದರೆ ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದ ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅಂಗಡಿ ಬೀದಿಯ ಗಿರವಿದಾರರು ಇದರ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೆ ಕರ್ನಾಟಕದಲ್ಲಿ 1961ರ ಗಿರವಿದಾರರ ಕಾಯ್ದೆ ಇದೆ.

ಆ ತಾಯಿಯ ಮೂವತ್ತು ಸಾವಿರದ ಲೆಕ್ಕ ನಿಜವಾಗುವ ದಾರಿಯೂ ಒಂದಿತ್ತು. ಮೊದಲ ನಾಲ್ಕು ತಿಂಗಳು ಮೂರು ಸಾವಿರದಂತೆ ಬಡ್ಡಿ ಕಟ್ಟುತ್ತಾ ಬಂದಿದ್ದರೆ ಜುಲೈನ ಐವತ್ತು ಸಾವಿರ ಪೂರ್ತಿ ಅಸಲಿಗೇ ಹೋಗುತ್ತಿತ್ತು. ಆಗಸ್ಟ್‌ನಿಂದ ತಿಂಗಳಿಗೆ ₹2,250 ಕಟ್ಟಿದ್ದರೆ ಮಾರ್ಚ್ ಕೊನೆಗೆ ಉಳಿಯುತ್ತಿದ್ದದ್ದು ಸರಿಯಾಗಿ ಒಂದೂವರೆ ಲಕ್ಷ.