ವಾರಕ್ಕೆರಡು ದಿನ ಮನೆಯಿಂದ ಕೆಲಸ: ಮ್ಯಾನೇಜರ್‌ಗೆ ಕೊಡುವ ಆ ಎರಡು ಪುಟದಲ್ಲಿ ಏನಿರಬೇಕು?

ಇವತ್ತಿನ ಸಂಚಿಕೆ ಒಂದೇ ಒಂದು ಪತ್ರದ ಬಗ್ಗೆ. ಬರೆದವರು ನಮ್ಮ ಕೇಳುಗರೊಬ್ಬರು. ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ಮನೆ ಕೆಂಗೇರಿ ಕಡೆ. ಹೆಸರು ಬೇಡ ಅಂದಿದ್ದಾರೆ. ಅವರ ತಂದೆಗೆ ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಬೆಳಗ್ಗೆ 6ಕ್ಕೆ ಆಸ್ಪತ್ರೆಗೆ ಬಿಟ್ಟರೆ ಮನೆಗೆ ಕರೆದುಕೊಂಡು ಬರೋ ಹೊತ್ತಿಗೆ ಹತ್ತೂವರೆ. ಅಲ್ಲಿಂದ ಪೀಣ್ಯ ಮುಟ್ಟೋದು ಮಧ್ಯಾಹ್ನಕ್ಕೆ. ರಜೆಗಳೆಲ್ಲ ಖಾಲಿ. ಇನ್ನು ಉಳಿದಿದ್ದು ಎರಡೇ ದಾರಿ: ಕೆಲಸ ಬಿಡೋದು, ಇಲ್ಲಾ ಕೇಳೋದು.

ಕೇಳೋದಕ್ಕೆ ಕಾನೂನಿನ ಬಲ ಏನಾದರೂ ಇದೆಯಾ ಅಂದರೆ, ಇಂಥ ಸಂದರ್ಭಕ್ಕೆ ಇಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಅರ್ಜಿ ಹಾಕೋ ಹಕ್ಕಿದೆ. ನಮ್ಮಲ್ಲಿ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡೋ ಮಾತಿದೆ, ಅದೂ ಮಾಲೀಕರು ಒಪ್ಪಿದರೆ ಮಾತ್ರ. ಹಾಗಾಗಿ ಇವರ ಕೈಯಲ್ಲಿರೋದು ಆ ಪತ್ರವೊಂದೇ.

ಮೊದಲ ಕರಡು ನನಗೆ ಕಳಿಸಿದ್ದರು. ಒಂದೂವರೆ ಪುಟ ಅಪ್ಪನ ಆರೋಗ್ಯದ ಬಗ್ಗೆ, ಕೊನೆಗೆ ನಾಲ್ಕು ಸಾಲು ಕೆಲಸದ ಬಗ್ಗೆ. ನಾನು ಹೇಳಿದ್ದು, ಕಾರಣಕ್ಕೆ ಎರಡು ಸಾಲು ಸಾಕು. ಮ್ಯಾನೇಜರ್‌ಗೆ ಅಯ್ಯೋ ಪಾಪ ಅನ್ನಿಸಬಹುದು, ಆದರೆ ಅವರ ತಲೆಯಲ್ಲಿ ಓಡ್ತಿರೋದು 11ನೇ ತಾರೀಖಿನ ಜಿಎಸ್‌ಟಿಆರ್-1, 20ನೇ ತಾರೀಖಿನ 3ಬಿ. ಆ ಭಯಕ್ಕೆ ಪತ್ರ ಉತ್ತರ ಕೊಡಬೇಕು.

ಎರಡನೇ ಕರಡಿನ ಕೋರಿಕೆ ಇಷ್ಟು: ಮಂಗಳವಾರ, ಶುಕ್ರವಾರ ಮನೆಯಿಂದ, ಬೆಳಗ್ಗೆ 11ರಿಂದ ರಾತ್ರಿ 8ರವರೆಗೆ. ಆಫೀಸ್ ನಡೆಯೋದು ಸಂಜೆ ಆರೂವರೆವರೆಗೆ, ಅಂದರೆ ಏಳೂವರೆ ಗಂಟೆ ಎಲ್ಲರ ಜೊತೆಗೇ ಇರ್ತಾರೆ. ಅವಧಿ 12 ವಾರ, ನವೆಂಬರ್ ಮೊದಲ ಸೋಮವಾರದಿಂದ. ಹನ್ನೆರಡೇ ಯಾಕೆ? ಅಕೌಂಟ್ಸ್‌ನಲ್ಲಿ ಕೆಲಸ ತಿಂಗಳ ಚಕ್ರದಲ್ಲಿ ತಿರುಗುತ್ತೆ. ಒಂದೇ ತಿಂಗಳು ನೋಡಿದರೆ ಅದೃಷ್ಟಕ್ಕೆ ಚೆನ್ನಾಗಿ ಹೋಗಿರಬಹುದು. ಮೂರು ಚಕ್ರ ದಾಟಿದರೆ ನಂಬಬಹುದು. ಮಾರ್ಚ್‌ನ ವರ್ಷಾಂತ್ಯ, ಸೆಪ್ಟೆಂಬರ್‌ನ ಟ್ಯಾಕ್ಸ್ ಆಡಿಟ್ ಎರಡೂ ತಪ್ಪುತ್ತೆ. ಹಾಗಂತ ಪೂರ್ತಿ ಸಲೀಸಾದ ಕಾಲವೂ ಅಲ್ಲ, ಜನವರಿ ಕೊನೆಗೆ ಟಿಡಿಎಸ್ ರಿಟರ್ನ್ ಕಾದಿರುತ್ತೆ.

ಈಗ ಅಳತೆಯ ವಿಷಯ. ತುಂಬಾ ಪ್ರಸ್ತಾವಗಳು ಮುಗ್ಗರಿಸೋದು ಇಲ್ಲೇ. "ಉತ್ಪಾದಕತೆ ಹೆಚ್ಚುತ್ತದೆ" ಅಂತ ಬರೆದರೆ ಅದನ್ನ ಯಾರು ಹೇಗೆ ಅಳೀತಾರೆ? ಇವರ ಮುಖ್ಯ ಕೆಲಸ ಖರೀದಿ ಬಿಲ್‌ಗಳನ್ನ ಟ್ಯಾಲಿಗೆ ಹಾಕೋದು. ಹಾಗಾಗಿ ಅಳತೆಯೂ ಅದೇ: ಇನ್ವರ್ಡ್ ರಿಜಿಸ್ಟರ್‌ನಲ್ಲಿ ಬಿಲ್ ದಾಖಲಾದ ದಿನದಿಂದ ಎರಡು ಕೆಲಸದ ದಿನದೊಳಗೆ ನೂರಕ್ಕೆ ಎಷ್ಟು ಬಿಲ್ ಎಂಟ್ರಿ ಆದವು? ಸರಾಸರಿ ದಿನ ಬೇಡ. ದರದ ತಕರಾರಲ್ಲಿ ಒಂದು ತಿಂಗಳು ನಿಂತ ಎರಡು ಬಿಲ್ ಇದ್ದರೆ ಸಾಕು, ಸರಾಸರಿ ಕೆಟ್ಟು ಕೂರುತ್ತೆ.

ಎಂಟ್ರಿ ಆದ ದಿನ ಗೊತ್ತಾಗೋದು ಹೇಗೆ? ವೋಚರ್ ಮೇಲಿನ ತಾರೀಖು ನೋಡಿದರೆ ಪ್ರಯೋಜನ ಇಲ್ಲ, ಅದು ಹಿಂದಿನ ದಿನದ್ದೂ ಇರಬಹುದು. ಎಡಿಟ್ ಲಾಗ್ ನೋಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಇದು ಕಡ್ಡಾಯ. ಯಾರು, ಯಾವತ್ತು, ಎಷ್ಟು ಹೊತ್ತಿಗೆ ಎಂಟ್ರಿ ಮಾಡಿದರು, ತಿದ್ದಿದರು, ಎಲ್ಲ ಅದರಲ್ಲಿ ಉಳಿಯುತ್ತೆ. ಮೌಸ್ ಅಲ್ಲಾಡ್ತಿದೆಯಾ ಅಂತ ಕಾಯೋ ಸಾಫ್ಟ್‌ವೇರ್ ಹಾಕೋ ಅಗತ್ಯವೇ ಇಲ್ಲ.

ಹೋಲಿಕೆ ಯಾವುದರ ಜೊತೆ ಅನ್ನೋದೂ ಅಷ್ಟೇ ಮುಖ್ಯ. ಅವರು ಹಿಂದಿನ ಮೂರು ತಿಂಗಳು, ಆಗಸ್ಟ್‌ನಿಂದ ಅಕ್ಟೋಬರ್, ತಗೊಂಡಿದ್ದರು. ಅದರಲ್ಲಿ ಸೆಪ್ಟೆಂಬರ್ ಇದೆ. ಆಡಿಟರ್‌ಗಳು ಬಂದು ಕೂತ ತಿಂಗಳಲ್ಲಿ ಬಿಲ್ ಎಂಟ್ರಿ ಹೇಗೂ ಹಿಂದೆ ಬೀಳುತ್ತೆ. ಅದರ ಪಕ್ಕ ಇಟ್ಟರೆ ಏನೂ ಮಾಡದೇ ನವೆಂಬರ್ ಚೆನ್ನಾಗಿ ಕಾಣುತ್ತೆ, ಮ್ಯಾನೇಜರ್‌ಗೂ ಅದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ. ಹಾಗಾಗಿ ಕಳೆದ ವರ್ಷದ ನವೆಂಬರ್‌ನಿಂದ ಜನವರಿ ತೆಗೆದರು. ನೂರಕ್ಕೆ 82 ಬಿಲ್ ಬಂತು. ಪ್ರಸ್ತಾವದಲ್ಲಿ ಬರೆದದ್ದು: ತಿಂಗಳಿಗೆ 80ಕ್ಕಿಂತ ಕೆಳಗೆ ಇಳಿಯಲ್ಲ. ಸತತ ಎರಡು ವಾರ 75 ಮುಟ್ಟದಿದ್ದರೆ, ಪರಿಶೀಲನೆಗೆ ಕಾಯದೇ ಆ ದಿನಗಳಲ್ಲೂ ಆಫೀಸಿಗೆ ಬರ್ತೀನಿ.

ಇನ್ನೊಂದು ಅಳತೆ ನನಗೆ ಇದಕ್ಕಿಂತ ಇಷ್ಟ ಆಯ್ತು. ಒಬ್ಬರು ಮನೆಯಲ್ಲಿದ್ದರೆ ಆಫೀಸಲ್ಲಿರೋರಿಗೆ ಫೋನ್ ಬರುತ್ತೆ: "ಆ ಫೈಲ್ ಸ್ವಲ್ಪ ತೆಗೆದು ನೋಡ್ತೀರಾ?" ಹೀಗೆ ಬೀಳೋ ಕೆಲಸ ಯಾವ ಲೆಕ್ಕದಲ್ಲೂ ಬರಲ್ಲ, ಆದರೆ ಮೂರನೇ ತಿಂಗಳಿಗೆ ಸಹೋದ್ಯೋಗಿಗಳ ಮುಖ ಗಂಟು ಹಾಕಿಸೋದು ಅದೇ. ಹಾಗಾಗಿ ಫೈಲ್ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಇವರ ಪರವಾಗಿ ಏನಾದರೂ ಮಾಡಬೇಕಾಗಿ ಬಂದಾಗಲೆಲ್ಲ ಮಾಡಿದವರು ಒಂದು ಗೆರೆ ಎಳೆದು, ಏನು ಕೆಲಸ ಅಂತ ಎರಡು ಪದ ಬರೀಬೇಕು.

ರಕ್ಷಣೆಯ ನಿಯಮಗಳು ಕೆಲಸದ ಒಳಗಿಂದಲೇ ಹುಟ್ಟಬೇಕು, ಇಂಟರ್ನೆಟ್‌ನಿಂದ ಇಳಿಸಿಕೊಂಡ ನಮೂನೆಯಿಂದಲ್ಲ. ಮೂಲ ಬಿಲ್ ಆಫೀಸ್ ಬಿಟ್ಟು ಹೋಗಲ್ಲ, ಸೋಮವಾರ ಮತ್ತು ಗುರುವಾರ ಸಂಜೆ ಸ್ಕ್ಯಾನ್ ಮಾಡಿಟ್ಟು ಹೊರಡ್ತಾರೆ. ಕಂಪನಿಯ ಲ್ಯಾಪ್‌ಟಾಪ್ ಮಾತ್ರ, ಬಿಲ್ ಫೋಟೋ ವಾಟ್ಸಾಪ್‌ನಲ್ಲಿ ಓಡಾಡಬಾರದು. ರಿಟರ್ನ್ ಸಲ್ಲಿಸೋಕೆ ಬೇಕಾದ ಡಿಎಸ್‌ಸಿ ಟೋಕನ್, ಅಂದರೆ ನಿರ್ದೇಶಕರ ಡಿಜಿಟಲ್ ಸಹಿ ಇರೋ ಪೆನ್‌ಡ್ರೈವ್‌ನಂಥದ್ದು, ಬೀರುವಿನಲ್ಲೇ ಇರುತ್ತೆ. ಹಾಗಾಗಿ 10, 11, 19, 20ನೇ ತಾರೀಖು ಯಾವ ವಾರವೇ ಬಂದರೂ ಇವರು ಆಫೀಸಲ್ಲಿ. ಆ ದಿನ ಅಪ್ಪನ ಜೊತೆ ತಮ್ಮ ಹೋಗ್ತಾನೆ. ಕರೆಂಟೋ ನೆಟ್ಟೋ ಒಂದು ಗಂಟೆಗಿಂತ ಹೆಚ್ಚು ಹೋದರೆ ತಿಳಿಸಬೇಕು, ಉಳಿದ ಕೆಲಸ ಶನಿವಾರ ಆಫೀಸಲ್ಲಿ.

ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ ನೀವು ಊಹಿಸಿದ್ದೇ: "ನಾಳೆ ಐದೂ ಜನ ಕೇಳಿದರೆ ಏನಮ್ಮಾ ಮಾಡ್ಲಿ?" ಪತ್ರದಲ್ಲಿ ಅದಕ್ಕೂ ಸಾಲಿತ್ತು. ಅನುಮತಿ ವ್ಯಕ್ತಿಗಲ್ಲ, ಕೆಲಸಕ್ಕೆ. ಸ್ಕ್ಯಾನ್ ಮಾಡಿ ಮಾಡಬಹುದಾದ ಕೆಲಸ ಇದ್ದವರು, ಇದೇ ಅಳತೆಗೆ ಒಪ್ಪಿದವರು ಕೇಳಬಹುದು. ಒಂದು ದಿನಕ್ಕೆ ಒಬ್ಬರೇ. ನಗದು ನೋಡೋರಿಗೆ ಇದು ಆಗಲ್ಲ ಅಂತಲೂ ನೇರವಾಗಿ ಬರೆದಿದ್ದರು. ಅನ್ಯಾಯ ಅನ್ನಿಸಬಹುದು, ಆದರೆ ಸುತ್ತಿ ಬಳಸಿ ಹೇಳಿದ್ದರೆ ಇನ್ನೂ ಕೆಟ್ಟದಾಗ್ತಿತ್ತು.

ಮ್ಯಾನೇಜರ್‌ಗಳ ಅನುಮಾನಕ್ಕೆ ಒಂದು ಒಳ್ಳೆ ಅಧ್ಯಯನ ಇದೆ. ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿ 1,612 ಜನರ ಮೇಲೆ ಆರು ತಿಂಗಳು ವಾರಕ್ಕೆರಡು ದಿನ ಮನೆಯಿಂದ ಕೆಲಸದ ಪ್ರಯೋಗ ಮಾಡಿತ್ತು, ಫಲಿತಾಂಶ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕೆಲಸದ ಮೌಲ್ಯಮಾಪನದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಕೆಲಸ ಬಿಡೋರು ಮೂರನೇ ಒಂದರಷ್ಟು ಕಡಿಮೆಯಾದರು. ಉತ್ಪಾದಕತೆ 2.6% ಕುಸಿಯುತ್ತೆ ಅಂತ ಶುರುವಿನಲ್ಲಿ ಅಂದಾಜಿಸಿದ್ದ ಮ್ಯಾನೇಜರ್‌ಗಳು, ಮುಗಿದ ಮೇಲೆ 1% ಏರುತ್ತೆ ಅಂದರು. ಆದರೆ ಇದನ್ನ ಪತ್ರಕ್ಕೆ ಹಾಕೋದು ಬೇಡ ಅಂದೆ. ಶಾಂಘೈನ ದೊಡ್ಡ ಕಂಪನಿ ತೋರಿಸಿದರೆ "ಅದು ಅಲ್ಲಿ ಕಣಮ್ಮ" ಅನ್ನೋದು ಸುಲಭ, ತಮ್ಮದೇ ಎಡಿಟ್ ಲಾಗ್‌ಗೆ ಹಾಗನ್ನೋಕಾಗಲ್ಲ.

ಪರಿಶೀಲನೆ ನಾಲ್ಕು, ಎಂಟು, ಹನ್ನೆರಡನೇ ವಾರಕ್ಕೆ. ಕೊನೆಯ ದಿನ ಯಾರೂ ಏನೂ ನಿರ್ಧರಿಸದಿದ್ದರೆ ಪ್ರಯೋಗ ತಾನಾಗೇ ಮುಗಿದು ಹಳೆಯ ವೇಳೆಗೆ ವಾಪಸ್. ಕೇಳೋರಿಗೆ ಇದು ನಷ್ಟದ ಷರತ್ತು ಅನ್ನಿಸುತ್ತೆ. ಆದರೆ ಒಪ್ಪಿಗೆ ಬಿದ್ದದ್ದು ಇದೇ ಸಾಲಿಗೆ ಅಂತ ನನ್ನ ಅಂದಾಜು, ಯಾಕಂದರೆ ಮ್ಯಾನೇಜರ್ ಮುಂದೆ "ಇಲ್ಲ" ಅಂತ ಹೇಳೋ ಕಷ್ಟ ಉಳಿಯಲಿಲ್ಲ. ಮಾತಿನಲ್ಲೇ ಎಳೆದುಕೊಂಡು ಹೋಗೋ ವ್ಯವಸ್ಥೆಗಿಂತ ಕೇಳೋರಿಗೂ ಇದೇ ವಾಸಿ, ಅದು ಒಂದು ಬೆಳಗ್ಗೆ ಮಾತಿನಲ್ಲೇ ನಿಂತೂ ಹೋಗುತ್ತೆ.

ನಾಲ್ಕನೇ ವಾರದ ಪರಿಶೀಲನೆ ಮುಗಿದಿದೆ. ಬಿಲ್ ನೂರಕ್ಕೆ 84. ಕಪಾಟಿನ ಹಾಳೆಯಲ್ಲಿ 14 ಗೆರೆ, ಅದರಲ್ಲಿ 11 ಒಂದೇ ಕೆಲಸಕ್ಕೆ: ಮಾಲು ಬಂದಿದೆ ಅಂತ ಸ್ಟೋರ್ಸ್‌ನವರು ಕೊಡೋ ಜಿಆರ್‌ಎನ್ ಚೀಟಿ ಹುಡುಕಿ ಓದಿ ಹೇಳೋದು. ಬಿಲ್ ಸ್ಕ್ಯಾನ್ ಆಗ್ತಿತ್ತು, ಜೊತೆಗಿರೋ ಚೀಟಿ ಆಗ್ತಿರಲಿಲ್ಲ. ಈಗ ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಸ್ಕ್ಯಾನ್ ಮಾಡ್ತಿದ್ದಾರೆ. ಎಂಟನೇ ವಾರದ ಹಾಳೆ ಬಂದ ಮೇಲೆ ಮುಂದಿನದು ಹೇಳ್ತೀನಿ.