ಸೀಟು ಅಗ್ಗ, ಓದು ದುಬಾರಿ

ಸಿಇಟಿ ಸೀಟು ಹಂಚಿಕೆಯ ದಿನ ಹೆಚ್ಚಿನ ಮನೆಗಳಲ್ಲಿ ಚರ್ಚೆಯಾಗುವುದು ಒಂದೇ ಸಂಖ್ಯೆ: ಮೊದಲ ವರ್ಷದ ಕಾಲೇಜು ಶುಲ್ಕ. ಶುಲ್ಕ ಕಟ್ಟಿ ಸೀಟು ಉಳಿಸಿಕೊಳ್ಳಲು ಸಿಗುವುದು ಕೆಲವೇ ದಿನ. ಆ ಗಡಿಬಿಡಿಯಲ್ಲಿ ಹಾಸ್ಟೆಲ್ ಖರ್ಚನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುತ್ತಾರೆ, ಸಾಲದ ಬಡ್ಡಿಯನ್ನು ಮಗ ಅಥವಾ ಮಗಳು ಕೆಲಸಕ್ಕೆ ಸೇರಿದ ಮೇಲೆ ಎನ್ನುತ್ತಾರೆ. ತಪ್ಪು ಆಯ್ಕೆ ನಡೆಯುವುದು ಇಲ್ಲೇ.

ಧಾರವಾಡದ ಒಂದು ಕುಟುಂಬದ ಮುಂದೆ ಎರಡು ಸೀಟುಗಳಿವೆ ಎಂದುಕೊಳ್ಳಿ. ಎರಡೂ ಕಂಪ್ಯೂಟರ್ ಸೈನ್ಸ್, ಎರಡೂ ಖಾಸಗಿ ಕಾಲೇಜು. ಬೆಂಗಳೂರಿನದು ಸಿಇಟಿ ಸೀಟು, ವರ್ಷದ ಶುಲ್ಕ 1.2 ಲಕ್ಷ ರೂಪಾಯಿ. ಹುಬ್ಬಳ್ಳಿಯದು ಕಾಮೆಡ್‌ಕೆ ಸೀಟು, ಶುಲ್ಕ 2 ಲಕ್ಷ. ಮೇಲ್ನೋಟಕ್ಕೆ ಬೆಂಗಳೂರೇ ಅಗ್ಗ. ಆದರೆ ಅಲ್ಲಿ ಹಾಸ್ಟೆಲ್ ಮತ್ತು ಮೆಸ್ ಸೇರಿ ವರ್ಷಕ್ಕೆ 1.5 ಲಕ್ಷ. ಹುಬ್ಬಳ್ಳಿಗಾದರೆ ಬೆಳಿಗ್ಗೆ ಚಿಗರಿ ಬಸ್ ಹತ್ತಿ ಹೋಗಿ, ಸಂಜೆ ಮನೆಗೆ ಬಂದು ಉಣ್ಣಬಹುದು. ಬಸ್ಸು, ಮಧ್ಯಾಹ್ನದ ಊಟ ಎಲ್ಲ ಸೇರಿ ವರ್ಷಕ್ಕೆ 20 ಸಾವಿರ ಹಿಡಿಯೋಣ. ನಾಲ್ಕು ವರ್ಷಕ್ಕೆ ಬೆಂಗಳೂರಿನ ಲೆಕ್ಕ 10.8 ಲಕ್ಷ, ಹುಬ್ಬಳ್ಳಿಯದು 8.8 ಲಕ್ಷ. ಶುಲ್ಕ ಹೆಚ್ಚಿರುವ ಕಾಲೇಜೇ 2 ಲಕ್ಷ ಕಡಿಮೆಗೆ ಬಂತು.

ಹಾಸ್ಟೆಲ್ ಬಗ್ಗೆ ಕಚೇರಿಯಲ್ಲಿ ಕೇಳಲೇಬೇಕಾದ ಮಾತುಗಳಿವೆ. ಮೆಸ್ ಬಿಲ್ಲು ಹತ್ತು ತಿಂಗಳಿಗೋ ಹನ್ನೆರಡಕ್ಕೋ? ಠೇವಣಿ ಎಷ್ಟು, ವಾಪಸ್ ಬರುತ್ತದೆಯೇ? ಎರಡನೇ ವರ್ಷಕ್ಕೂ ಕೊಠಡಿ ಖಾತ್ರಿಯೇ? ಕೊಠಡಿ ಸಿಗದೆ ಪಿಜಿಗೆ ಹೋದರೆ ಬಾಡಿಗೆ ಏರುವುದು ಒಂದು ಕಷ್ಟ. ಕಾಲೇಜಿನ ರಸೀದಿ ಇಲ್ಲದ ಖರ್ಚಿಗೆ ಬ್ಯಾಂಕ್ ಹಣ ಬಿಡಿಸುವುದು ಇನ್ನೊಂದು ಕಷ್ಟ. ಪರೀಕ್ಷಾ ಶುಲ್ಕ, ಪ್ಲೇಸ್‌ಮೆಂಟ್ ತರಬೇತಿ, ಲ್ಯಾಬ್ ಎಂದು ಬೇರೆ ಬೇರೆ ರಸೀದಿಯಲ್ಲಿ ಪಡೆಯುವ ಹಣವನ್ನು ಈಗಾಗಲೇ ಅಲ್ಲಿ ಓದುತ್ತಿರುವ ಮೂರನೇ ವರ್ಷದ ವಿದ್ಯಾರ್ಥಿಯಿಂದ ತಿಳಿದುಕೊಳ್ಳುವುದು ಒಳ್ಳೆಯದು. ಅವರ ಬಳಿ ರಸೀದಿಗಳೇ ಇರುತ್ತವೆ.

ಇನ್ನು ಸಾಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ಅದು ನಿಜ. ಆದರೆ ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಹಣ ಬಿಡುಗಡೆಯಾದ ದಿನದಿಂದಲೇ ಸರಳ ಬಡ್ಡಿ ಓಡತೊಡಗುತ್ತದೆ. ಮೊದಲ ವರ್ಷ ಪಡೆದ ಹಣದ ಮೇಲೆ ಐದು ವರ್ಷ, ಎರಡನೆಯದರ ಮೇಲೆ ನಾಲ್ಕು, ಮೂರನೆಯದರ ಮೇಲೆ ಮೂರು, ಕೊನೆಯದರ ಮೇಲೆ ಎರಡು. ಒಟ್ಟು ಹದಿನಾಲ್ಕು. ಅಂದರೆ ಒಂದು ವರ್ಷದ ಸಾಲಕ್ಕೆ ಹದಿನಾಲ್ಕು ವರ್ಷದ ಬಡ್ಡಿ ಹಾಕಿದರೆ ಕಂತು ಆರಂಭವಾಗುವ ಹೊತ್ತಿಗೆ ಬೆಳೆದಿರುವ ಬಡ್ಡಿ ಸಿಗುತ್ತದೆ. ಯಾವ ಕಾಲೇಜಿನ ಲೆಕ್ಕಕ್ಕೂ ಈ ಗುಣಾಕಾರ ಸಾಕು.

ಬಡ್ಡಿ ಶೇ 10 ಎಂದಿಟ್ಟುಕೊಂಡು ಪೂರ್ತಿ ಖರ್ಚಿಗೂ ಸಾಲ ಮಾಡಿದರೆ, ಬೆಂಗಳೂರಿನ 10.8 ಲಕ್ಷ 14.58 ಲಕ್ಷವಾಗಿ ನಿಂತಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 19,300 ರೂಪಾಯಿ ಕಟ್ಟಬೇಕು. ಹುಬ್ಬಳ್ಳಿಯ ಸಾಲ 11.88 ಲಕ್ಷ, ಕಂತು ಸುಮಾರು 15,700. ಕೊನೆಗೆ ಎರಡರ ನಡುವಿನ ಅಂತರ 2 ಲಕ್ಷವಲ್ಲ, 4 ಲಕ್ಷಕ್ಕೂ ಹೆಚ್ಚು. ಹೊಸದಾಗಿ ಕೆಲಸಕ್ಕೆ ಸೇರಿ 30 ಸಾವಿರ ಸಂಬಳ ಪಡೆಯುವ ಹುಡುಗಿಗೆ ಈ ವ್ಯತ್ಯಾಸ ಪ್ರತಿ ತಿಂಗಳೂ ತಟ್ಟುತ್ತದೆ. ಬೆಂಗಳೂರಿನ ಕಾಲೇಜಿನಲ್ಲಿ ಕ್ಯಾಂಪಸ್ ನೇಮಕಾತಿ ನಿಜಕ್ಕೂ ಹೆಚ್ಚಿದ್ದರೆ ಆ ಹಣ ಸಾರ್ಥಕ. ಆದರೆ ನೋಡಬೇಕಾದ್ದು ಜಾಹೀರಾತಿನಲ್ಲಿರುವ ಅತಿ ದೊಡ್ಡ ಸಂಬಳವನ್ನಲ್ಲ, ಆ ಬ್ರಾಂಚಿನ ನಡುಮಟ್ಟದ ವಿದ್ಯಾರ್ಥಿಗೆ ಸಿಕ್ಕ ಸಂಬಳವನ್ನು.

ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ಚಿತ್ರ ಬದಲಾಗುತ್ತದೆ. ಹುಬ್ಬಳ್ಳಿಯ ಸಾಲಕ್ಕೆ ಮೊದಲ ವರ್ಷ ತಿಂಗಳಿಗೆ ಸುಮಾರು 1,830 ರೂಪಾಯಿ. ನಾಲ್ಕನೇ ವರ್ಷಕ್ಕೆ ಅದು 7,330 ಆಗುತ್ತದೆ. ಅಷ್ಟು ನಿಭಾಯಿಸಿದ ಮನೆಗೆ ಮುಂದೆ ಕಂತು 11,600ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಸಾಲ 7.5 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಹೊಲ, ಮನೆ ಅಡವಿಡಬೇಕಿಲ್ಲ. ಆದ್ದರಿಂದ ಬಸ್ಸಿನ ಖರ್ಚು ಮತ್ತು ಶುಲ್ಕದ ಒಂದು ಪಾಲನ್ನು ಕೈಯಿಂದ ಹಾಕಿ ಸಾಲವನ್ನು ಆ ಮಿತಿಯೊಳಗೆ ಇಟ್ಟುಕೊಳ್ಳಬಹುದು. ಬೆಂಗಳೂರಿನ ಲೆಕ್ಕದಲ್ಲಿ ಅದಕ್ಕೆ 3.3 ಲಕ್ಷ ಹೊಂದಿಸಬೇಕು.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕಂತು ಆರಂಭವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೊಂದಿದೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ಜೊತೆಗೆ ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಆ ಬ್ರಾಂಚಿಗೆ ಎನ್‌ಬಿಎ ಮಾನ್ಯತೆ ಇದೆಯೇ ಎಂಬುದನ್ನು ಆಪ್ಷನ್ ಎಂಟ್ರಿಗೆ ಮುಂಚೆಯೇ ನೋಡಿಕೊಳ್ಳಬೇಕು. ಈಚೆಗೆ ಆರಂಭವಾದ ಬ್ರಾಂಚುಗಳಲ್ಲಿ ಇನ್ನೂ ಯಾವ ತಂಡವೂ ಓದು ಮುಗಿಸಿರುವುದಿಲ್ಲವಾದ್ದರಿಂದ ಎನ್‌ಬಿಎ ಮಾನ್ಯತೆ ಇರುವುದಿಲ್ಲ. ಅಂಥ ಕಡೆ ಕಾಲೇಜಿನ ನ್ಯಾಕ್ ಮಾನ್ಯತೆಯ ಅವಧಿ ಮುಗಿದಿದೆಯೇ ಎಂದು ಬ್ಯಾಂಕಿಗೆ ಹೋಗುವ ಮೊದಲೇ ಕೇಳಬೇಕು.